ಆರ್ಡರ್ ಹೆಚ್ಚಿಸಬೇಕಾ, ಟೈಪ್ ಹೆಚ್ಚಿಸಬೇಕಾ? ಒಂದೇ ಮೋಟಾರ್ ಮೇಲೆ ಎರಡನ್ನೂ ಮಾಡಿ ನೋಡಿದೆ

ನನ್ನ ಹತ್ತಿರ ಒಂದು ಸಣ್ಣ ಡಿಸಿ ಮೋಟಾರ್ ಇದೆ. ಅದು 1000 ಆರ್‌ಪಿಎಂ ವೇಗದಲ್ಲಿ ಸ್ಥಿರವಾಗಿ ತಿರುಗಬೇಕಿತ್ತು. ಸೆನ್ಸರ್‌ನಿಂದ ವೇಗ ಓದಿ, 1000ರಿಂದ ಕಳೆದು, ಬಂದ ವ್ಯತ್ಯಾಸವನ್ನು 4ರಿಂದ ಗುಣಿಸಿ ಮೋಟಾರ್‌ಗೆ ಕೊಟ್ಟೆ. ಮೋಟಾರ್ 800ಕ್ಕೆ ಬಂದು ನಿಂತಿತು. ಎಷ್ಟು ಹೊತ್ತು ಕಾದರೂ 800 ದಾಟಲಿಲ್ಲ.

ಇದನ್ನು ಸರಿಪಡಿಸಲು ಎರಡು ದಾರಿ ಹಿಡಿದೆ. ಮೊದಲು ದುಡ್ಡು ಕೊಟ್ಟು ಒಂದು ಫಿಲ್ಟರ್ ಬೋರ್ಡ್ ತಂದೆ. ಅದರಿಂದ ಸಿಸ್ಟಮ್‌ನ ಆರ್ಡರ್ ಹೆಚ್ಚಾಯಿತು. ಆಮೇಲೆ ಮೂರು ಸಾಲು ಕೋಡ್ ಬರೆದೆ. ಅದರಿಂದ ಟೈಪ್ ಹೆಚ್ಚಾಯಿತು. ಕೆಲಸ ಆದದ್ದು ಎರಡನೆಯದರಿಂದ. ಹೊಸದಾಗಿ ಕಂಟ್ರೋಲ್ ಕಲಿಯುವವರು ಈ ಎರಡು ಪದಗಳನ್ನು ಒಂದೇ ಅಂದುಕೊಳ್ಳುವುದು ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಮೊದಲು 800 ಯಾಕೆ ಬಂತು ಅಂತ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಮೋಟಾರ್‌ಗೆ ಎಷ್ಟು ಡ್ರೈವ್ ಕೊಡುತ್ತೇವೋ ಕೊನೆಗೆ ಅಷ್ಟೇ ವೇಗ ಬರುತ್ತದೆ ಅಂತ ಇಟ್ಟುಕೊಳ್ಳಿ. 800ರಲ್ಲಿ ವ್ಯತ್ಯಾಸ 200. ಅದನ್ನು 4ರಿಂದ ಗುಣಿಸಿದರೆ 800. ಆ 800 ಡ್ರೈವ್‌ನಿಂದಲೇ ಮೋಟಾರ್ 800ರಲ್ಲಿ ಓಡುತ್ತಿದೆ. ವೇಗ 1000 ಮುಟ್ಟಿದರೆ ವ್ಯತ್ಯಾಸ ಸೊನ್ನೆ, ಡ್ರೈವ್ ಕೂಡ ಸೊನ್ನೆ, ಮೋಟಾರ್ ನಿಧಾನವಾಗಲೇಬೇಕು. ಅಂದರೆ ಈ ಮೋಟಾರ್ ಓಡಬೇಕಾದರೆ ಸ್ವಲ್ಪ ತಪ್ಪು ಉಳಿದಿರಲೇಬೇಕು. ಇದೇ ಸ್ಟೆಡಿ ಸ್ಟೇಟ್ ಎರರ್. ಇಲ್ಲಿ ಅದು 1/(1+4), ಅಂದರೆ 20 ಶೇಕಡಾ.

ಮೋಟಾರ್ ಕೂಡಲೇ ವೇಗ ಹಿಡಿಯುವುದಿಲ್ಲ, ಅದರ ಟೈಮ್ ಕಾನ್‌ಸ್ಟಂಟ್ ಅರ್ಧ ಸೆಕೆಂಡ್. ಹಾಗಾಗಿ ಓಪನ್ ಲೂಪ್, ಅಂದರೆ ಸೆನ್ಸರ್ ರೀಡಿಂಗ್ ವಾಪಸ್ ಕಳೆಯುವ ಮೊದಲಿನ ಲೆಕ್ಕ, ಹೀಗಿದೆ. s ಅನ್ನುವುದು ಸಮಯದ ಜೊತೆ ಆಗುವ ಬದಲಾವಣೆಯನ್ನು ಬರೆಯುವ ಲಾಪ್ಲಾಸ್ ಚಿಹ್ನೆ:

```
G(s) = 4 / (0.5s + 1)
```

ರೀಡಿಂಗ್ ವಾಪಸ್ ಸೇರಿಸಿ ಲೂಪ್ ಮುಚ್ಚಿದ ಮೇಲೆ, ಮೇಲಿನ 4 ಕೆಳಗಿನದಕ್ಕೆ ಸೇರಿ ಛೇದ 0.5s + 5. ಅದರಲ್ಲಿ s ನ ಅತಿ ದೊಡ್ಡ ಘಾತ 1. ಆದ್ದರಿಂದ ಆರ್ಡರ್ 1. ಇನ್ನು ಓಪನ್ ಲೂಪ್‌ನ ಛೇದದಲ್ಲಿ ಬಿಡಿಯಾಗಿ ಹೊರಗೆ ನಿಲ್ಲುವ s ಎಷ್ಟಿವೆ ಅಂತ ಎಣಿಸಿದರೆ ಟೈಪ್ ಸಿಗುತ್ತದೆ. ಇಲ್ಲಿ ಒಂದೂ ಇಲ್ಲ. ಟೈಪ್ 0.

ಈಗ ಕೊಂಡು ತಂದ ಬೋರ್ಡ್ ಕಥೆ. ಸೆನ್ಸರ್ ರೀಡಿಂಗ್ ಸ್ವಲ್ಪ ಕುಣಿಯುತ್ತಿತ್ತು. ಫಿಲ್ಟರ್ ಹಾಕಿದರೆ ಸಿಗ್ನಲ್ ನುಣ್ಣಗಾಗುತ್ತದೆ, ಆರ್ಡರ್ ಹೆಚ್ಚಾದರೆ ನಿಖರತೆಯೂ ಹೆಚ್ಚುತ್ತದೆ ಅಂತ ನಂಬಿದ್ದೆ. ಕಂಟ್ರೋಲರ್ ಮತ್ತು ಮೋಟಾರ್ ಡ್ರೈವರ್ ನಡುವೆ 0.1 ಸೆಕೆಂಡ್‌ನ ಫಿಲ್ಟರ್ ಕೂರಿಸಿದೆ. ಛೇದಕ್ಕೆ (0.1s + 1) ಸೇರಿತು, ಆರ್ಡರ್ 2 ಆಯಿತು. ಮೋಟಾರ್ ಈಗ 875ರ ಹತ್ತಿರ ಹಾರಿ, ವಾಪಸ್ ಇಳಿದು, ಮತ್ತೆ 800ಕ್ಕೇ ಬಂದು ನಿಂತಿತು!

ಕಾರಣ ಸರಳ. ಫಿಲ್ಟರ್ ಬದಲಾವಣೆಯನ್ನು ತಡ ಮಾಡುತ್ತದೆ, ನಿಂತ ಸಿಗ್ನಲ್‌ಗೆ ಏನೂ ಮಾಡುವುದಿಲ್ಲ. 800 ಒಳಗೆ ಹೋದರೆ 800ಏ ಹೊರಗೆ ಬರುತ್ತದೆ. ಅಂಥದ್ದೇ ಎರಡನೇ ಫಿಲ್ಟರ್ ಕೂಡ ಸೇರಿಸಿದೆ. ಆರ್ಡರ್ 3. ತೂಗಾಟ ಇನ್ನೂ ಜೋರಾಯಿತು, ಕೊನೆಗೆ ಅದೇ 800.

ಹಾಗಾದರೆ ಗೇನ್, ಅಂದರೆ ವ್ಯತ್ಯಾಸವನ್ನು ಗುಣಿಸುವ ಆ 4, ಏರಿಸಿ ಎರರ್ ಕಡಿಮೆ ಮಾಡಬಹುದಲ್ವಾ? ಮಾಡಬಹುದು. ಆದರೆ ಎರಡು ಫಿಲ್ಟರ್ ಇರುವ ಸಿಸ್ಟಮ್‌ಗೆ ಸ್ಥಿರವಾಗಿರುತ್ತದಾ ಅಂತ ಛೇದದ ಅಂಕಿಗಳಿಂದಲೇ ಹೇಳುವ ರೌತ್ ಪರೀಕ್ಷೆ ಹಾಕಿದರೆ ಗೇನ್ 14.4 ಮುಟ್ಟಿದ ಕೂಡಲೇ ಆಂದೋಲನ ನಿಲ್ಲುವುದೇ ಇಲ್ಲ. ಆ ಅಂಚಿಗೆ ಹೋದರೂ ಎರರ್ 6.5 ಶೇಕಡಾ ಉಳಿದೇ ಇರುತ್ತದೆ. ಫಿಲ್ಟರ್ ಇಲ್ಲದಿದ್ದಾಗ ಈ ಲೆಕ್ಕದ ಪ್ರಕಾರ ಗೇನ್‌ಗೆ ಇಂಥ ಮಿತಿಯೇ ಇರಲಿಲ್ಲ. ನಾನು ದುಡ್ಡು ಕೊಟ್ಟು ತಂದದ್ದು ಆ ಮಿತಿಯನ್ನೇ.

ಬೋರ್ಡ್ ಕಳಚಿಟ್ಟು ಕೋಡ್‌ಗೆ ಇಷ್ಟು ಹಾಕಿದೆ:

```
error = target - speed
sum = sum + error * dt
u = 4 * error + 8 * sum
```

ಮೋಟಾರ್ 1000ಕ್ಕೆ ಹೋಗಿ ನಿಂತಿತು. `sum` ಅನ್ನುವುದು ಹಿಂದಿನ ತಪ್ಪುಗಳ ಮೊತ್ತ. ವ್ಯತ್ಯಾಸ ಸೊನ್ನೆಯಾದರೂ ಆ ಮೊತ್ತ ಸೊನ್ನೆಯಾಗುವುದಿಲ್ಲ. ನನ್ನ ಸ್ಕ್ರೀನ್ ಮೇಲೆ ಅದು 125ರ ಆಸುಪಾಸಿನಲ್ಲಿ ನಿಂತಿತ್ತು. 125ನ್ನು 8ರಿಂದ ಗುಣಿಸಿದರೆ 1000, ಮೋಟಾರ್‌ಗೆ ಬೇಕಾದ ಡ್ರೈವ್ ಅಷ್ಟೇ. ಇದೇ ಇಂಟಿಗ್ರೇಟರ್. ಇದು ಓಪನ್ ಲೂಪ್‌ನ ಛೇದಕ್ಕೆ ಒಂದು ಬಿಡಿ s ತರುತ್ತದೆ:

```
G(s) = (4s + 8) / ( s (0.5s + 1) )
```

ಟೈಪ್ 1. ಒಮ್ಮೆಲೇ 1000 ಅಂತ ಕೊಡುವಂಥ ಸ್ಟೆಪ್ ಇನ್‌ಪುಟ್‌ಗೆ ಎರರ್ ಸೊನ್ನೆ.

ಇಲ್ಲಿ ಒಂದು ತೊಡಕು ನನ್ನನ್ನು ಒಂದಿಡೀ ಸಂಜೆ ಹಿಡಿದು ಕೂರಿಸಿತು. ಕೋಡ್ ಹಾಕಿ ಮೋಟಾರ್ ಸರಿಹೋದ ಮೇಲೆ ಕಾಗದದ ಮೇಲೂ ಒಪ್ಪಿಸೋಣ ಅಂತ ಕೂತೆ. ಲೂಪ್ ಮುಚ್ಚಿ ಛೇದ ಬರೆದೆ: 0.5s² + 5s + 8. ಎಲ್ಲಿದೆ ಬಿಡಿ s? ಹೊರಗೆ ತೆಗೆಯಲು ಬರುವುದೇ ಇಲ್ಲ. ಹಾಗಾಗಿ ಟೈಪ್ 0, ಎರರ್ ಇರಬೇಕು ಅಂತ ಕಾಗದದ ಮೇಲೆ ಬಂತು. ಎದುರಿಗೆ ಮೋಟಾರ್ 1000ರಲ್ಲಿ ಓಡುತ್ತಿತ್ತು. ಕೋಡ್‌ನಲ್ಲಿ ತಪ್ಪಿದೆಯಾ, ಸೆನ್ಸರ್ ತಪ್ಪು ಓದುತ್ತಿದೆಯಾ ಅಂತ ಎಲ್ಲವನ್ನೂ ಬಿಚ್ಚಿ ನೋಡಿದೆ.

ತಪ್ಪಿದ್ದದ್ದು ನಾನು ಎಣಿಸಿದ ಜಾಗದಲ್ಲಿ. ಟೈಪ್ ಎಣಿಸಬೇಕಾದದ್ದು ಓಪನ್ ಲೂಪ್‌ನಲ್ಲಿ, ಆರ್ಡರ್ ನೋಡಬೇಕಾದದ್ದು ಕ್ಲೋಸ್ಡ್ ಲೂಪ್‌ನ ಛೇದದಲ್ಲಿ. ಸ್ಥಿರವಾದ ಕ್ಲೋಸ್ಡ್ ಲೂಪ್‌ನಲ್ಲಿ ಬಿಡಿ s ಇರಲು ಸಾಧ್ಯವೇ ಇಲ್ಲ. ಇದ್ದರೆ ಅದು ಸ್ಥಿರವಾಗಿಯೇ ಇರುವುದಿಲ್ಲ. ಅಂದರೆ ಅಲ್ಲಿ ಹುಡುಕಿದರೆ ಎಲ್ಲ ಒಳ್ಳೆಯ ಸಿಸ್ಟಮ್ ಕೂಡ ಟೈಪ್ 0 ಅಂತಲೇ ಕಾಣುತ್ತದೆ. ಅಂದಿನಿಂದ ಲೂಪ್ ಮುಚ್ಚುವ ಮೊದಲೇ ಟೈಪ್ ಬರೆದಿಟ್ಟುಕೊಳ್ಳುತ್ತೇನೆ.

ಇನ್ನೊಂದು ಸಣ್ಣ ಎಚ್ಚರಿಕೆ. ಮೇಲಿನ 4s + 8 ಮತ್ತು ಕೆಳಗಿನ 0.5s + 1 ಒಂದಕ್ಕೊಂದು ಹೊಡೆದುಹೋಗುತ್ತವೆ, ಉಳಿಯುವುದು 8/s. ಆಗ ಆರ್ಡರ್ 1 ಅಂತ ಅನಿಸುತ್ತದೆ. 1000 ಅಂತ ಆಜ್ಞೆ ಕೊಟ್ಟಾಗ ಮೋಟಾರ್ ನಿಜಕ್ಕೂ ಹಾಗೇ ನಡೆದುಕೊಳ್ಳುತ್ತದೆ. ಆದರೆ ತಿರುಗುವ ಶಾಫ್ಟ್ ಮೇಲೆ ಭಾರ ಬಿದ್ದಾಗ ಚೇತರಿಕೆ ನಿಧಾನ. ಆಗ ಹೊಡೆದುಹೋಗಿದ್ದ ಅರ್ಧ ಸೆಕೆಂಡ್ ಮತ್ತೆ ಮುಖ ತೋರಿಸುತ್ತದೆ. 0.5s² + 5s + 8ರ ಬೇರುಗಳು −2 ಮತ್ತು −8. ಎರಡೂ ಒಳಗೆ ಇದ್ದೇ ಇವೆ, ಆರ್ಡರ್ 2ಏ.

ಟೈಪ್ ಏರಿಸಿದ್ದರಿಂದಲೇ ಕೆಲಸ ಆಯಿತು ಅಂದೆ. ಆದರೂ ಅದು ಎಲ್ಲಿ ಕೈಕೊಡುತ್ತದೆ ಅಂತಲೂ ಹೇಳಬೇಕು. ಇಂಥದ್ದೇ ಇನ್ನೊಂದು ಮೋಟಾರ್‌ಗೆ ಗೇರ್ ಹಾಕಿ, ಒಂದು ತೋಳು ಜೋಡಿಸಿ, ವೇಗದ ಬದಲು ಕೋನ ಅಳೆಯಲು ಶುರುಮಾಡಿದೆ. ವೇಗ ಸೇರುತ್ತಾ ಹೋದರೆ ಕೋನ, ಅಲ್ವಾ? ಆದ್ದರಿಂದ ಇಂಟಿಗ್ರೇಟರ್ ಮೋಟಾರ್‌ನಲ್ಲೇ ಬಂತು. ಗೇನ್ 4 ಇಟ್ಟರೆ ಓಪನ್ ಲೂಪ್ 4/(s(0.5s + 1)). ಕೋಡ್‌ನಲ್ಲಿ `sum` ಇಲ್ಲದೆಯೇ ಟೈಪ್ 1. ಮೋಟಾರ್‌ನ ಜಾತಿ ಅದೇ, ಅಳೆಯುವುದು ಬದಲಾದರೆ ಟೈಪ್ ಬದಲಾಗುತ್ತದೆ.

ಖಾಲಿ ತೋಳು ಹೇಳಿದ ಕೋನಕ್ಕೆ ಸರಿಯಾಗಿ ಬಂದು ನಿಂತಿತು. ತುದಿಗೆ ಭಾರ ಕಟ್ಟಿದೆ. ಅರ್ಧ ಡಿಗ್ರಿ ಬಗ್ಗಿತು, ಹಾಗೇ ಉಳಿಯಿತು. ಟೈಪ್ 1 ಇದ್ದರೆ ಎರರ್ ಸೊನ್ನೆ ಅಂತ ತಾನೇ ಕಲಿತದ್ದು? ಆ ಸೊನ್ನೆ ನಾವು ಕೊಡುವ ಆಜ್ಞೆಗೆ ಮಾತ್ರ. ಭಾರ ಹೊರಲು ಮೋಟಾರ್‌ಗೆ ಸತತವಾಗಿ 2 ವೋಲ್ಟ್ ಬೇಕು. ಕಂಟ್ರೋಲರ್ ಒಂದು ಡಿಗ್ರಿ ತಪ್ಪಿಗೆ 4 ವೋಲ್ಟ್ ಕೊಡುತ್ತದೆ. ಹಾಗಾಗಿ 2 ವೋಲ್ಟ್ ಹುಟ್ಟಬೇಕಾದರೆ ಅರ್ಧ ಡಿಗ್ರಿ ತಪ್ಪು ಉಳಿಯಲೇಬೇಕು. ಮೋಟಾರ್‌ನ ಸ್ವಂತ ಇಂಟಿಗ್ರೇಟರ್ ಭಾರ ಬಂದು ಸೇರುವ ಜಾಗದ ಆಚೆಗಿದೆ, ಈ 2 ವೋಲ್ಟ್ ಹುಟ್ಟಿಸಲು ಅದರಿಂದ ಆಗುವುದಿಲ್ಲ. ಇಂಟಿಗ್ರೇಟರ್ ಭಾರಕ್ಕಿಂತ ಮೊದಲು, ಅಂದರೆ ಕಂಟ್ರೋಲರ್ ಒಳಗೆ ಇರಬೇಕು.

ಸರಿ ಅಂತ ಹಳೆಯ ಮೂರು ಸಾಲನ್ನು, ಅದೇ 4 ಮತ್ತು 8 ಇಟ್ಟು, ಇಲ್ಲಿಗೂ ಹಾಕಿದೆ. ತೋಳು ಹೆಚ್ಚೂಕಡಿಮೆ ಎರಡು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ತೂಗುತ್ತಲೇ ಇತ್ತು. ಈಗ ಬಿಡಿ s ಎರಡಿವೆ, ಟೈಪ್ 2. ಕ್ಲೋಸ್ಡ್ ಲೂಪ್‌ನ ಛೇದ 0.5s³ + s² + 4s + 8, ಆರ್ಡರ್ 3. ರೌತ್ ಲೆಕ್ಕದಲ್ಲಿ ಕೊನೆಯ ಅಂಕಿ 8ಕ್ಕಿಂತ ಕಡಿಮೆ ಇರಬೇಕು, ನಾನು ಇಟ್ಟದ್ದು ಸರಿಯಾಗಿ ಅಂಚಿನಲ್ಲೇ. ಅದನ್ನು 2ಕ್ಕೆ ಇಳಿಸಿದೆ. ಒಂದೆರಡು ಸಲ ತೂಗಿ, ನಿಧಾನಕ್ಕೆ ಕೋನಕ್ಕೆ ಬಂದು ನಿಂತಿತು. ಭಾರ ಇದ್ದರೂ ಬಗ್ಗಲಿಲ್ಲ.

ಹಾಗಾಗಿ ಟೈಪ್ ಏರಿಸುವುದೂ ಸುಮ್ನೆ ಸಿಗುವುದಿಲ್ಲ. ಪ್ರತಿ ಇಂಟಿಗ್ರೇಟರ್ 90 ಡಿಗ್ರಿ ಫೇಸ್ ಹಿಂದೆ ಎಳೆಯುತ್ತದೆ, ಅಂದರೆ ತೂಗುವ ಸಿಗ್ನಲ್ ಅನ್ನು ಕಾಲು ಸುತ್ತು ತಡ ಮಾಡುತ್ತದೆ.

ಇನ್‌ಪುಟ್ ಒಂದೇ ಸಮ ಏರುತ್ತಾ ಹೋಗುವ ರ‍್ಯಾಂಪ್ ಆದರೆ ಟೈಪ್ 1 ಸ್ವಲ್ಪ ಹಿಂದೆ ಉಳಿಯುತ್ತದೆ. ನನ್ನ ವೇಗದ ಲೂಪ್‌ಗೆ ಸೆಕೆಂಡಿಗೆ 100 ಆರ್‌ಪಿಎಂ ಏರಿಸಿದರೆ 100/8, ಅಂದರೆ 12.5 ಆರ್‌ಪಿಎಂ ಹಿಂದೆ.

ಸೆನ್ಸರ್ ತಪ್ಪು ಓದಿದರೆ ಯಾವ ಟೈಪ್‌ನಿಂದಲೂ ಪ್ರಯೋಜನ ಇಲ್ಲ. ತಪ್ಪು ಅಂಕಿಯನ್ನೇ ಅದು ನಿಖರವಾಗಿ ಹಿಡಿದು ನಿಲ್ಲಿಸುತ್ತದೆ.

ನಾನು ಮನೆಯಲ್ಲಿ, ಬಿಡುವಿನ ಹೊತ್ತಿನಲ್ಲಿ, ಕಡಿಮೆ ಖರ್ಚಿನಲ್ಲಿ ಕೆಲಸ ಮಾಡುವವನು. ಕೊನೆಗೆ ಅಂಕಿ ಸರಿ ಇರಬೇಕು, ಅರ್ಧ ಸೆಕೆಂಡ್ ತಡವಾದರೆ ಪರವಾಗಿಲ್ಲ. ಇಂಥ ಬಳಕೆಗೆ ಮೊದಲು ಟೈಪ್, ಅದೂ ಕೋಡ್‌ನಲ್ಲೇ. ಎಷ್ಟು ಬೇಗ ತಲುಪುತ್ತದೆ, ಎಷ್ಟು ತೂಗುತ್ತದೆ ಅನ್ನುವ ಪ್ರಶ್ನೆ ಬಂದಾಗ ಆರ್ಡರ್ ಮತ್ತು ಅದರ ಬೇರುಗಳನ್ನು ನೋಡುತ್ತೇನೆ. ಆ ಫಿಲ್ಟರ್ ಬೋರ್ಡ್ ಈಗ ಲೂಪ್‌ನ ಹೊರಗಿದೆ. ವೇಗವನ್ನು ತೋರಿಸುವ ಡಿಸ್‌ಪ್ಲೇಗೆ ಜೋಡಿಸಿದ್ದೇನೆ, ಅಂಕಿ ಕುಣಿಯದೆ ನಿಂತಿರುತ್ತದೆ.