ರೋಬೋ ಅಡ್ವೈಸರ್ ಸಾಕಾ, ಮನುಷ್ಯರೇ ಬೇಕಾ?

ರೋಬೋ ಅಡ್ವೈಸರ್ ಅಂದರೆ ಹೂಡಿಕೆ ಸಲಹೆ ಕೊಡುವ ಸಾಫ್ಟ್‌ವೇರ್. ಅದು ಮಾಡುವುದು ಇಷ್ಟೇ: ವಯಸ್ಸು, ಆದಾಯ, ಹಣ ಯಾವಾಗ ಬೇಕು, ಮಾರುಕಟ್ಟೆ 20% ಬಿದ್ದರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿ, ಉತ್ತರಗಳಿಗೆ ಅಂಕ ಕೊಟ್ಟು, ಮೊದಲೇ ಸಿದ್ಧವಿರುವ ಕೆಲವು ಪೋರ್ಟ್‌ಫೋಲಿಯೋಗಳಲ್ಲಿ ಒಂದನ್ನು ನಿಮಗೆ ಹಚ್ಚುತ್ತದೆ. ಆಮೇಲೆ ಷೇರು-ಬಾಂಡ್ ಪ್ರಮಾಣ ಏರುಪೇರಾದರೆ ಸರಿಮಾಡುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಮನುಷ್ಯರಿಗಿಂತ ಅಗ್ಗ.

ತೊಂದರೆ ಇರುವುದು ಪ್ರಶ್ನೆಗಳಲ್ಲಿ. 28 ವರ್ಷದವರೊಬ್ಬರು ‘ಬಿದ್ದರೂ ಮಾರಲ್ಲ’ ಎಂದು ಒತ್ತಿದರು ಅನ್ನಿ, 80% ಷೇರು ಇರುವ ಪೋರ್ಟ್‌ಫೋಲಿಯೋ ಬರಬಹುದು. ಆದರೆ ಅವರದು ಗುತ್ತಿಗೆ ಕೆಲಸ, ಕ್ರೆಡಿಟ್ ಕಾರ್ಡ್ ಸಾಲ ಬೇರೆ ಬಾಕಿ. ಧೈರ್ಯ ಇದೆ, ನಷ್ಟ ತಡೆಯುವ ಶಕ್ತಿ ಇಲ್ಲ. ಎರಡನ್ನೂ ಒಂದೇ ಅಂಕಕ್ಕೆ ಕೂಡಿಸಿದರೆ ಇದು ಕಾಣುವುದೇ ಇಲ್ಲ, ಅಲ್ವಾ? ಒಳ್ಳೆಯ ಸಲಹೆಗಾರರು ಮೊದಲು ಸಾಲ ತೀರಿಸಿ ಎನ್ನುತ್ತಾರೆ (ಕಮಿಷನ್ ಮೇಲೆ ಬದುಕುವವರು ಹಾಗೆ ಹೇಳ್ತಾರಾ, ಅದು ಬೇರೆ ಮಾತು).

ದುಬಾರಿ ಸಾಲವಿಲ್ಲ, ತುರ್ತು ಹಣ ಬೇರೆ ಇದೆ, ಗುರಿ ದೂರದ್ದು ಎನ್ನುವವರಿಗೆ ರೋಬೋ ಸಾಕು.