ಬ್ಯಾಚ್ ಕೂಟಕ್ಕೆ ಯಾವ ಹಾಡು? ಮೂರನ್ನೂ ಹಾಡಿ ನೋಡಿದ ಮೇಲೆ

ನಮ್ಮದು ಮಂಡ್ಯದ 1994ರ ಎಸ್ಸೆಸ್ಸೆಲ್ಸಿ ಬ್ಯಾಚ್. ಕೂಟ ಸೇರಿದಾಗಲೆಲ್ಲ ಊಟದ ಜವಾಬ್ದಾರಿ ಒಬ್ಬರದು, ಮೇಷ್ಟ್ರುಗಳನ್ನು ಕರೆತರುವುದು ಇನ್ನೊಬ್ಬರದು, ಹಾಡು ನನ್ನದು. ಚೆನ್ನಾಗಿ ಹಾಡುವ ಒಬ್ಬಿಬ್ಬರನ್ನು ಮೈಕ್ ಮುಂದೆ ನಿಲ್ಲಿಸಿ ಕೇಳೋದು ಸುಲಭ. ನನಗೆ ಬೇಕಾಗಿದ್ದು ಅದಲ್ಲ. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ತುಟಿ ಅಲ್ಲಾಡಿಸುತ್ತಿದ್ದವರೂ ಬಾಯಿಬಿಟ್ಟು ಹಾಡುವಂಥ ಹಾಡು ಬೇಕಿತ್ತು. ಕೊನೆಗೆ ಮೂರು ಉಳಿದವು: ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’, ‘ನಿತ್ಯೋತ್ಸವ’ ಮತ್ತು ಗೋವಿನ ಹಾಡು. ಮೂರನ್ನೂ ಬೇರೆ ಬೇರೆ ಕೂಟಗಳಲ್ಲಿ ಎಲ್ಲರ ಕೈಲಿ ಹಾಡಿಸಿ ನೋಡಿದ್ದೇನೆ.

‘ಕುಚಿಕು’ ಯಾಕಿಲ್ಲ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಸ್ನೇಹದ ಹಾಡು ನಿಜ, ಆದರೆ ‘ದಿಗ್ಗಜರು’ ಬಂದಿದ್ದು 2001ರಲ್ಲಿ. ಅಷ್ಟು ಹೊತ್ತಿಗೆ ನಾವು ಶಾಲೆ ಬಿಟ್ಟು ಏಳು ವರ್ಷ ಆಗಿತ್ತು. ಅದನ್ನು ಕೇಳಿದರೆ ನಮ್ಮ ಕ್ಲಾಸ್ ರೂಮ್ ಕಣ್ಣ ಮುಂದೆ ಬರೋದಿಲ್ಲ.

‘ಹುಟ್ಟಿದರೆ’ ಹಾಗಲ್ಲ. ‘ಆಕಸ್ಮಿಕ’ 1993ರ ಚಿತ್ರ, ಆಗ ನಾವು ಹೈಸ್ಕೂಲಿನಲ್ಲಿದ್ದೆವು. ಹಂಸಲೇಖರ ಹಾಡು, ರಾಜ್‌ಕುಮಾರ್ ದನಿ. ಟ್ರ್ಯಾಕ್ ಶುರುವಾದ ಕೂಡಲೇ ಇಡೀ ಹಾಲ್ ಎದ್ದು ನಿಂತಿತು. ಪಲ್ಲವಿ ಮುಗಿಯುವವರೆಗೂ ಇದನ್ನು ಮೀರಿಸೋ ಹಾಡೇ ಇಲ್ಲ ಅನ್ನಿಸಿತು.

ಎಡವಟ್ಟಾಗಿದ್ದು ಚರಣಕ್ಕೆ ಬಂದಾಗ. ಪಲ್ಲವಿ ಎಲ್ಲರಿಗೂ ಬಾಯಿಪಾಠ, ಚರಣ ಅರ್ಧಂಬರ್ಧ. ಮಾತು ನೆನಪಿಸಿಕೊಳ್ಳುತ್ತಾ ಹಾಡುವ ಗುಂಪು ತಾನಾಗಿಯೇ ನಿಧಾನವಾಗುತ್ತದೆ. ಟ್ರ್ಯಾಕ್ ಯಾರಿಗೂ ಕಾಯೋದಿಲ್ಲ. ಸ್ಪೀಕರ್ ಮುಂದಿನ ಮೂಲೆಯಲ್ಲಿತ್ತು, ಮೇಲೆ ಶೀಟ್ ಹೊದಿಸಿದ ಸಮುದಾಯ ಭವನ, ದನಿಯೆಲ್ಲ ಗುಂಯ್ ಅಂತ ತಿರುಗಿ ಬರುತ್ತಿತ್ತು. ಹಿಂದಿನ ಸಾಲಿನವರು ಅರ್ಧ ಸಾಲು ಹಿಂದೆ ಬಿದ್ದರು. ಶ್ರುತಿಯದೂ ತೊಂದರೆ. ಟ್ರ್ಯಾಕ್ ಇರುವುದು ಅಣ್ಣಾವ್ರ ದನಿಗೆ ಹೊಂದುವ ಶ್ರುತಿಯಲ್ಲಿ. ಹೆಣ್ಮಕ್ಕಳು ಅದೇ ಮಟ್ಟದಲ್ಲಿ ಹಾಡಲು ಹೋದರೆ ತೀರಾ ಕೆಳಗೆ, ಒಂದು ಸ್ಥಾಯಿ ಮೇಲೆ ಹೋದರೆ ತೀರಾ ಎತ್ತರ. ಎರಡನೇ ಚರಣದ ಹೊತ್ತಿಗೆ ಹಾಡುತ್ತಿದ್ದವರಿಗಿಂತ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದವರೇ ಜಾಸ್ತಿ. ಕುಣಿಯೋಕೆ ಈ ಹಾಡು ಬೇಕೇ ಬೇಕು. ಒಟ್ಟಿಗೆ ಹಾಡೋಕೆ ಪಲ್ಲವಿಯಷ್ಟೇ ಸಾಕು.

‘ನಿತ್ಯೋತ್ಸವ’ಕ್ಕೆ ಟ್ರ್ಯಾಕ್ ಬಿಟ್ಟು ಹಾರ್ಮೋನಿಯಂ ತಂದೆವು. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ರಾಗ ಸಂಯೋಜನೆ, ಕ್ಯಾಸೆಟ್ ಬಂದಿದ್ದು 1978ರಲ್ಲಿ. ನಾವು ಓದುವ ಕಾಲಕ್ಕೆ ಶಾಲಾ ವಾರ್ಷಿಕೋತ್ಸವದಲ್ಲಿ ಇದಿಲ್ಲದೆ ಪರದೆ ಏಳುತ್ತಿರಲಿಲ್ಲ. ನುಡಿಸಲು ಬಂದವರು ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಅವರಿಂದ ಒಂದು ಒಳ್ಳೆ ವಿದ್ಯೆ ಕಲಿತೆ. ನಾವೆಲ್ಲ ಹಾಡಿನ ಮೊದಲ ಸಾಲು ಹಾಡಿ ಶ್ರುತಿ ಹಿಡಿಯುತ್ತೇವಲ್ಲ, ಅವರು ಹಾಗೆ ಮಾಡಲಿಲ್ಲ. “ಎಲ್ಲಕ್ಕಿಂತ ಎತ್ತರಕ್ಕೆ ಹೋಗೋ ಸಾಲು ಯಾವುದು? ಅದನ್ನ ಮೊದಲು ಅನ್ನಿ” ಅಂದರು. ಅನ್ನಿಸಿ ನೋಡಿದರೆ ಹೆಣ್ಮಕ್ಕಳಿಗೆ ಆರಾಮಾಗಿತ್ತು, ಗಂಡಸರ ಕತ್ತಿನ ನರ ಉಬ್ಬಿತ್ತು. ಎರಡು ಕೀ ಕೆಳಗಿಳಿಸಿದರು. ಆಮೇಲೆ ಮೊದಲ ಸಾಲಿಗೆ ಬಂದರು.

ಇದಕ್ಕೆ ಕಾರಣವಿದೆ. ಶಾಲೆಯಲ್ಲಿ ಹಾಡಿದ ಹಾಡು ಆಗಿನ ಎತ್ತರದಲ್ಲೇ ನೆನಪಿರುತ್ತದೆ. ಆಗ ಹುಡುಗರಲ್ಲಿ ಎಷ್ಟೋ ಜನರಿಗೆ ದನಿಯೇ ಒಡೆದಿರಲಿಲ್ಲ. ಈಗ ಐವತ್ತರ ಹತ್ತಿರ ಬಂದವರು ಅದೇ ಎತ್ತರದಲ್ಲಿ ಶುರು ಮಾಡಿದರೆ ಮೇಲಿನ ಸಾಲಿಗೆ ದನಿ ಸಾಲೋದಿಲ್ಲ. ಹಾಗೆ ಆಯಿತು ಅಂತ ಗೊತ್ತಾಗೋದೂ ಸುಲಭ. ಮೇಲಿನ ಸಾಲು ಬಂದಾಗ ಹಾಲಿನ ಗಂಡು ದನಿ ಒಮ್ಮೆಲೇ ಮಾಯವಾಗುತ್ತದೆ.

ಶ್ರುತಿ ಕೂತ ಮೇಲೆ ‘ನಿತ್ಯೋತ್ಸವ’ ತುಂಬಾ ಚೆನ್ನಾಗಿ ಬಂತು. ಪ್ರತಿ ಚರಣವೂ ಎಲ್ಲರಿಗೂ ಗೊತ್ತಿರುವ ‘ನಿತ್ಯೋತ್ಸವ ತಾಯಿ’ಗೆ ವಾಪಸ್ ಬರುತ್ತದೆ. ಮಾತು ಮರೆತವರು ಅಲ್ಲಿ ಬಂದು ಸೇರಿಕೊಳ್ಳಬಹುದು. ಚರಣಗಳನ್ನು ಹಾಡಲು ಬರುವ ನಾಲ್ಕೈದು ಜನರಿಗೆ ಕೊಟ್ಟು, ಪಲ್ಲವಿಯನ್ನು ಹಾಲಿಗೆ ಬಿಟ್ಟರೆ ಸರಿಹೋಗುತ್ತದೆ. ಆದರೂ ಇದಕ್ಕೆ ನುಡಿಸುವವರು ಬೇಕು, ಒಂದು ತಾಲೀಮು ಬೇಕು.

ಗೋವಿನ ಹಾಡಿಗೆ ಅದ್ಯಾವುದೂ ಬೇಕಾಗಲಿಲ್ಲ. ನನ್ನ ಮಟ್ಟಿಗೆ ಮೂರರಲ್ಲಿ ಗೆದ್ದಿದ್ದು ಇದೇ.

ಮೊದಲನೆಯದಾಗಿ, ಅದರ ಧಾಟಿ ಹೆಚ್ಚು ಏರೋದೂ ಇಲ್ಲ, ಇಳಿಯೋದೂ ಇಲ್ಲ. ಯಾರು ಯಾವ ಶ್ರುತಿಯಲ್ಲಿ ಎತ್ತಿಕೊಂಡರೂ ಉಳಿದವರಿಗೆ ದಕ್ಕುತ್ತದೆ. ಪ್ರತಿ ನುಡಿಗೂ ಒಂದೇ ಧಾಟಿ, ಹಾಗಾಗಿ ಒಂದು ನುಡಿ ಬಂದರೆ ಎಲ್ಲ ಬಂದ ಹಾಗೆ. ನಡೆಯನ್ನು ಬಾಯಲ್ಲೇ ಎಣಿಸಬಹುದು. ‘ಧರಣಿ’ಗೆ ಮೂರು, ‘ಮಂಡಲ’ಕ್ಕೆ ನಾಲ್ಕು. ‘ಧ’ಗೆ ಒಂದು ಚಪ್ಪಾಳೆ, ‘ಮಂ’ಗೆ ಒಂದು. ಅದೇ ತಾಳ ಕೊನೆತನಕ. ಮೊದಲ ನುಡಿಯ ಅರ್ಧಕ್ಕೇ ಹಿಂದಿನ ಸಾಲಿನಿಂದಲೂ ಚಪ್ಪಾಳೆ ಬಂತು.

ಎರಡನೆಯದು, ಇದು ಮಾತುಕತೆಯ ಹಾಡು. ನಾವು ಪಾತ್ರ ಹಂಚಿಕೊಂಡೆವು. ಕಥೆ ಹೇಳೋದು ಎಲ್ಲರೂ, ಹುಲಿ ಗಂಡಸರು, ಪುಣ್ಯಕೋಟಿ ಹೆಂಗಸರು, ಕರು ಒಬ್ಬಳೇ. ಗೊಲ್ಲ ಹಸುಗಳನ್ನು ಕರೆಯುವ ‘ಗಂಗೆ ಬಾರೆ ಗೌರಿ ಬಾರೆ’ ಬಂದಾಗ ಇಡೀ ಹಾಲ್ ನಮ್ಮ ಬ್ಯಾಚಿನ ಗೌರಿಯ ಕಡೆ ತಿರುಗಿ ಹಾಡಿತು. ಶಾಲೆಯಲ್ಲೂ ಹಾಗೇ ಮಾಡುತ್ತಿದ್ದರು, ಅವಳು ಆಗಲೂ ಹೀಗೇ ಮುಖ ಮುಚ್ಚಿಕೊಳ್ಳುತ್ತಿದ್ದಳು. ‘ಸತ್ಯವೇ ನಮ್ಮ ತಾಯಿ ತಂದೆ’ ಅನ್ನೋ ನುಡಿಗೆ ಯಾರಿಗೂ ಹಾಳೆ ಬೇಕಾಗಲಿಲ್ಲ. ಕೂತಿದ್ದ ಕನ್ನಡ ಮೇಷ್ಟ್ರು ಕೂಡ ಎದ್ದು ಕೈಯಲ್ಲಿ ತಾಳ ಹಾಕತೊಡಗಿದರು.

ಒಂದು ಎಚ್ಚರ ಬೇಕು. ಕರು ಕೇಳುವ ‘ಆರ ಮೊಲೆಯನು ಕುಡಿಯಲಮ್ಮ, ಆರ ಸೇರಿ ಬದುಕಲಮ್ಮ’ ಈ ವಯಸ್ಸಿನಲ್ಲಿ ಬೇರೆಯೇ ಥರ ತಟ್ಟುತ್ತದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಅಮ್ಮ ಇಲ್ಲ. ಆ ನುಡಿಯಲ್ಲಿ ಕರುವಾಗಿದ್ದವಳ ದನಿ ಅರ್ಧಕ್ಕೇ ನಿಂತಿತು, ಗಂಡಸರು ಎತ್ತಿಕೊಂಡು ಮುಗಿಸಿದರು. ಅದನ್ನು ಬಿಟ್ಟುಬಿಡಿ ಅಂತ ನಾನು ಹೇಳೋದಿಲ್ಲ, ಅದಿಲ್ಲದೆ ಹಾಡೇ ಇಲ್ಲ. ಕರುವಿನ ಪಾತ್ರವನ್ನು ಯಾರಿಗೆ ಕೊಡಬೇಕು ಅಂತ ಮೊದಲೇ ವಿಚಾರಿಸಿ, ಈಚೆಗೆ ಮನೆಯಲ್ಲಿ ಸಾವು ಕಂಡವರಿಗೆ ಮಾತ್ರ ಕೊಡಬೇಡಿ.

ಪೂರ್ತಿ ಹಾಡು ಉದ್ದ. ಮೊದಲ ನುಡಿ, ಗೊಲ್ಲ ಕರೆಯೋದು, ಹುಲಿ ಅಡ್ಡಗಟ್ಟೋದು, ಪುಣ್ಯಕೋಟಿಯ ಮಾತು, ಕರುವಿನ ಅಳಲು, ಹುಲಿ ಪ್ರಾಣ ಬಿಡೋದು: ಹತ್ತು ನುಡಿ ಆರಿಸಿಕೊಂಡರೆ ಕಥೆ ಎಲ್ಲೂ ಕಡಿಯೋದಿಲ್ಲ. ದಪ್ಪಕ್ಷರದಲ್ಲಿ ಮುದ್ರಿಸಿ, ಇಬ್ಬರಿಗೊಂದು ಹಾಳೆ ಕೊಡಿ. ಕನ್ನಡಕ ಮರೆತು ಬಂದವರು ಪಕ್ಕದವರಿಂದ ಕೇಳಿ ಹಾಡುತ್ತಾರೆ.

ನಾಡಗೀತೆಯನ್ನು ನಾನು ಈ ಪೈಪೋಟಿಗೆ ಸೇರಿಸಿಲ್ಲ, ಅದು ಶುರುವಿನಲ್ಲಿ ಇರಲೇಬೇಕು. ಆದರೆ ಧಾಟಿ ಯಾವುದು ಅಂತ ಮೊದಲೇ ಹೇಳಿಬಿಡಿ. ಕೆಲವರಿಗೆ ಅನಂತಸ್ವಾಮಿ ಅವರದು ರೂಢಿ, ಕೆಲವರಿಗೆ ಅಶ್ವತ್ಥ್ ಅವರದು. ಎರಡೂ ಒಟ್ಟಿಗೆ ಎದ್ದರೆ ಎರಡನೇ ಸಾಲಿಗೇ ಗೊಂದಲ. 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿಯನ್ನೇ ಗೊತ್ತು ಮಾಡಿ, ಎರಡೂವರೆ ನಿಮಿಷದ ಮಿತಿ ಇಟ್ಟಿದೆ. ಅದನ್ನೇ ಹಿಡಿಯಿರಿ.

ಈಗ ನಮ್ಮ ಕೂಟದ ಕ್ರಮ ಹೀಗಿದೆ. ಗೋವಿನ ಹಾಡು ಊಟಕ್ಕೆ ಮುಂಚೆ, ಏಕೆಂದರೆ ಊಟ ಆದ ಮೇಲೆ ದೂರದಿಂದ ಬಂದವರು ಒಬ್ಬೊಬ್ಬರೇ ಬಸ್ಸಿಗೆ ಹೊರಡುತ್ತಾರೆ. ಗುರುವಂದನೆಯ ಹೊತ್ತಿಗೆ ‘ನಿತ್ಯೋತ್ಸವ’. ಗ್ರೂಪ್ ಫೋಟೋ ಮುಗಿದ ಕೂಡಲೇ ಅಣ್ಣಾವ್ರ ಟ್ರ್ಯಾಕ್, ಆಗ ಸ್ಪೀಕರನ್ನು ಎಷ್ಟು ಜೋರು ಬೇಕಾದರೂ ಇಟ್ಟುಕೊಳ್ಳಲಿ.