ಎರಡು ಗಂಟೆಯ ಸ್ಕೂಲ್ ಡೇಗೆ ಯಾವ ಪಟ್ಟಿ ಒಳ್ಳೇದು: ಗಡಿಯಾರದ್ದಾ, ಕ್ಯೂದ್ದಾ, ಗೂಟದ್ದಾ?

ಸ್ಕೂಲ್ ಡೇಗೆ ನಿಮಿಷ ನಿಮಿಷದ ಪಟ್ಟಿ ಮಾಡ್ಲಿಕ್ಕೆ ಮೂರು ಕ್ರಮ ಉಂಟು, ಮೂರನ್ನೂ ನಾನು ಉಡುಪಿ ಹತ್ತಿರದ ನಮ್ಮ ಶಾಲೆಯಲ್ಲಿ ಬೇರೆ ಬೇರೆ ವರ್ಷ ಬಳಸಿ ನೋಡಿದ್ದೇನೆ. ಅದೇ ಗ್ರೌಂಡು, ಅದೇ ಸ್ಟೇಜು, ಸಂಜೆ 5:30ಕ್ಕೆ ಶುರು 7:30ಕ್ಕೆ ಮುಗಿಯಬೇಕು, ಐಟಂಗಳೂ ಹೆಚ್ಚುಕಡಿಮೆ ಅವೇ, ಹಾಗಾಗಿ ಹೋಲಿಸ್ಲಿಕ್ಕೆ ಆಗ್ತದೆ. ಈ ಸಲ ನಿಮ್ಮ ಶಾಲೆಯಲ್ಲಿ ಪಟ್ಟಿಯ ಕೆಲಸ ನಿಮ್ಮ ತಲೆಗೆ ಬಂದಿದ್ರೆ ಇದು ಉಪಯೋಗ ಆಗ್ಬಹುದು ಅಂತ ಸ್ವಲ್ಪ ಉದ್ದಕ್ಕೆ ಬರೀತಿದ್ದೇನೆ.

ಮೊದಲು ಮೂರಕ್ಕೂ ಬೇಕಾದ ಒಂದು ಲೆಕ್ಕ. ಡ್ಯಾನ್ಸ್ ಟೀಚರತ್ರ ಎಷ್ಟು ನಿಮಿಷ ಅಂತ ಕೇಳಿದ್ರೆ ಅವರು ಹೇಳೋದು ಹಾಡಿನ ಉದ್ದ, ನಾಲ್ಕು ನಿಮಿಷ ಅಂತ. ಆದ್ರೆ ಸ್ಟೇಜ್ ಆ ಐಟಂಗೆ ಕೊಡೋದು ನಾಲ್ಕು ನಿಮಿಷ ಅಲ್ಲ. ನಿರೂಪಕರು ಎರಡು ವಾಕ್ಯ ಹೇಳ್ಲಿಕ್ಕೆ 20 ಸೆಕೆಂಡ್, ಹದಿನಾರು ಮಕ್ಕಳು ಬಂದು ಅವರವರ ಜಾಗದಲ್ಲಿ ನಿಲ್ಲಲಿಕ್ಕೆ ಅರ್ಧ ನಿಮಿಷ, ಮುಗಿದ ಮೇಲೆ ನಮಸ್ಕಾರ ಮಾಡಿ ಇಳೀಲಿಕ್ಕೆ ಮತ್ತೆ ಅರ್ಧ ನಿಮಿಷ, ಅಲ್ಲಿಗೆ ಐದೂವರೆ ಹತ್ತಿರ ಆಯ್ತು. ಪಟ್ಟಿಯಲ್ಲಿ ನಾಲ್ಕು ಅಂತ ಬರೆದು ಹತ್ತು ಐಟಂ ಇಟ್ರೆ ಯಾರೂ ತಪ್ಪು ಮಾಡದೇನೇ ಹದಿನೈದು ನಿಮಿಷ ಲೇಟ್ ಆಗ್ತದೆ. ಇದನ್ನ ಗುರುತಿಸೋದು ಸುಲಭ, ನಡೀತಾ ಇರುವಾಗ ಪ್ರತಿ ಐಟಂ ನಿಜವಾಗಿ ಶುರುವಾದ ಟೈಮನ್ನ ಪಟ್ಟಿಯ ಪಕ್ಕ ಬರೀರಿ. ವ್ಯತ್ಯಾಸ ಒಂದೊಂದು ಐಟಂಗೆ ಒಂದೊಂದೂವರೆ ನಿಮಿಷ ಸಮವಾಗಿ ಬೆಳೀತಾ ಹೋದ್ರೆ ಇಳಿಯೋ ಹತ್ತೋ ಸಮಯ ಲೆಕ್ಕಕ್ಕೆ ತಗೊಂಡಿಲ್ಲ ಅಂತ ಅರ್ಥ, ಒಂದೇ ಕಡೆ ಒಮ್ಮೆಲೇ ಜಿಗಿದ್ರೆ ಆ ಐಟಂದೇ ಏನೋ ಸಮಸ್ಯೆ.

ಈಗ ಮೊದಲನೇದು, ಗಡಿಯಾರದ ಶೀಟ್. 5:30 ಪ್ರಾರ್ಥನೆ, 5:32 ನಾಡಗೀತೆ, 5:35 ಸ್ವಾಗತ ನೃತ್ಯ, ಹೀಗೆ ಪ್ರತಿ ಸಾಲಿಗೂ ಗಂಟೆ ನಿಮಿಷ. ಹೆಚ್ಚಿನ ಶಾಲೆಗಳಲ್ಲಿ ಇದೇ ಇರೋದು. ಇದರ ದೊಡ್ಡ ಗುಣ ಅಂದ್ರೆ ಸ್ಟೇಜ್ ಕಾಣದವರಿಗೂ ಅರ್ಥ ಆಗ್ತದೆ, ಮೇಕಪ್ ರೂಮಲ್ಲಿರೋ ಟೀಚರ್, ಗೇಟಲ್ಲಿ ಅತಿಥಿಗಳಿಗೆ ಕಾಯೋರು, ಬಸ್ ಡ್ರೈವರ್ ಎಲ್ಲರಿಗೂ. ಆದ್ರೆ ಮೊದಲ ಅರ್ಧ ಗಂಟೆಯಲ್ಲಿ ಆರು ನಿಮಿಷ ಹಿಂದೆ ಬಿದ್ರೆ ಅಲ್ಲಿಂದ ಕೆಳಗಿನ ಒಂದು ಸಾಲೂ ಸರಿ ಇರುವುದಿಲ್ಲ. ಪ್ರತಿಯೊಬ್ಬರೂ ಮನಸ್ಸಲ್ಲೇ ಕೂಡಿಸ್ಕೊಳ್ಬೇಕು, ಒಬ್ಬರು ಆರು ಕೂಡಿಸ್ತಾರೆ ಇನ್ನೊಬ್ಬರು ಹತ್ತು, ಆಮೇಲೆ ಪಟ್ಟಿ ನೋಡೋದೇ ಬಿಟ್ಟು ಮೆಟ್ಟಿಲ ಹತ್ತಿರ ನಿಂತು ಈಗ ಯಾವುದು ಈಗ ಯಾವುದು ಅಂತ ಕೇಳ್ಲಿಕ್ಕೆ ಶುರು ಮಾಡ್ತಾರೆ.

ಎರಡನೇದು ಕ್ಯೂ ಶೀಟ್. ಇದರಲ್ಲಿ ಗಂಟೆಯೇ ಇಲ್ಲ. ಕ್ರಮಸಂಖ್ಯೆ, ಐಟಂ, ಎಷ್ಟು ನಿಮಿಷ, ಮತ್ತೆ ಯಾವುದು ಆದ ಮೇಲೆ ಯಾವುದು ಅಂತ. ಉದಾಹರಣೆಗೆ: ಎಲ್‌ಕೆಜಿ ಮಕ್ಕಳು ಇಳಿದ ಕೂಡಲೇ ಪರದೆ, ಪರದೆ ಮುಚ್ಚಿದ ಕೂಡಲೇ ನಿರೂಪಕರು, ಅವರ ಕೊನೇ ಶಬ್ದಕ್ಕೆ ಟ್ರ್ಯಾಕ್ ನಂಬರ್ 4, ಆಗಲೇ ನಂಬರ್ 6ರ ಮಕ್ಕಳು ಬಲಬದಿಯ ಮೆಟ್ಟಿಲಿಗೆ. ಸ್ಟೇಜ್ ಹಿಂದೆ ಇದರಷ್ಟು ನೆಮ್ಮದಿ ಬೇರೆ ಯಾವುದರಲ್ಲೂ ಇಲ್ಲ, ಮೈಕಿನವರು ಇದನ್ನ ತುಂಬ ಇಷ್ಟಪಡ್ತಾರೆ ಯಾಕಂದ್ರೆ ಅವರಿಗೆ ಬೇಕಾದ್ದು ಗಂಟೆ ಅಲ್ಲ, ಮುಂದಿನ ಟ್ರ್ಯಾಕ್ ಯಾವುದು, ಎಷ್ಟು ಮೈಕ್ ಬೇಕು ಅಷ್ಟೇ. ಒಂದು ಐಟಂ ತಡ ಆದ್ರೂ ಪಟ್ಟಿ ಹಾಳಾಗುದಿಲ್ಲ. ಕೊರತೆ ಅಂದ್ರೆ ಲೇಟ್ ಆಗ್ತಾ ಉಂಟು ಅಂತ ಯಾರಿಗೂ ಗೊತ್ತಾಗುದಿಲ್ಲ. ಎಲ್ಲ ಚೆಂದ ನಡೀತಾ ಇರ್ತದೆ, 7:25ಕ್ಕೆ ನೋಡಿದ್ರೆ ಇನ್ನೂ ಎರಡು ಡ್ಯಾನ್ಸು ಮತ್ತೆ ಯಕ್ಷಗಾನ ಬಾಕಿ.

ಮತ್ತೆ ನಮ್ಮ ಕರಾವಳಿಯಲ್ಲಿ ಲೇಟ್ ಆಗೋದರ ಭಾರ ಬೀಳೋದು ಯಕ್ಷಗಾನದ ಮಕ್ಕಳ ಮೇಲೆ. ಮುಖಕ್ಕೆ ಬಣ್ಣ ಮಧ್ಯಾಹ್ನವೇ ಶುರುವಾಗಿರ್ತದೆ, ಅಷ್ಟು ಹೊತ್ತು ಬಣ್ಣ ಹೊತ್ತು ಕೂತ್ಕೊಳ್ಳೋದು ಮಕ್ಕಳಿಗೆ ಹೇಗೂ ಅಭ್ಯಾಸ ಆಗ್ತದೆ, ಕಿರೀಟ ಮಾತ್ರ ಹಾಗಲ್ಲ. ಅದನ್ನ ಹಣೆಗೆ ಬಿಗಿಯಾಗಿ ಕಟ್ಟದಿದ್ರೆ ಕುಣಿಯುವಾಗ ಜಾರ್ತದೆ, ಬಿಗಿಯಾಗಿ ಕಟ್ಟಿ ಅರ್ಧ ಗಂಟೆ ಕೂರಿಸಿದ್ರೆ ಆರನೇ ಕ್ಲಾಸಿನ ಮಗು ತಲೆನೋವು ಅಂತ ಅಳ್ತದೆ, ಬಿಚ್ಚಿ ಮತ್ತೆ ಕಟ್ಟಲಿಕ್ಕೆ ಹೋದ್ರೆ ಬಣ್ಣ ಹಾಳು. ಚೌಕಿಯಲ್ಲಿ ವೇಷ ಕಟ್ಟುವವರಿಗೆ ಬೇಕಾದ್ದು ಒಂದೇ ಒಂದು ಮಾತು, ಈಗ ಕಿರೀಟ ಕಟ್ಟಬಹುದು ಅಂತ. ಗಡಿಯಾರದ ಶೀಟ್ ಆ ಮಾತನ್ನ ಬೇಗ ಹೇಳಿಬಿಡ್ತದೆ, ಕ್ಯೂ ಶೀಟ್ ಹೇಳುವುದೇ ಇಲ್ಲ. ನನಗೆ ಈ ಎರಡೂ ಸಾಕಾಗುದಿಲ್ಲ ಅಂತ ಅನಿಸಿದ್ದು ಇಲ್ಲೇ.

ಮೂರನೇದನ್ನ ನಾವು ಗೂಟದ ಶೀಟ್ ಅಂತ ಕರೀತೇವೆ. ಎರಡು ಗಂಟೆಯನ್ನ ನಾಲ್ಕು ಭಾಗ ಮಾಡಿ ಪ್ರತಿ ಭಾಗದ ಶುರುವಿಗೆ ಮಾತ್ರ ಗಂಟೆ ನೆಡೋದು, ಒಳಗೆಲ್ಲ ಕ್ಯೂ ಶೀಟ್ ಹಾಗೆ, ಭಾಗದ ಕೊನೆಗೆ ಸ್ವಲ್ಪ ಖಾಲಿ ಸಮಯ. ನಮ್ಮದು ಹೀಗೆ ಬಂತು.

5:30ರಿಂದ 5:55. ಪ್ರಾರ್ಥನೆ ಎರಡು ನಿಮಿಷ, ನಾಡಗೀತೆ ಎರಡೂವರೆ (2022ರಲ್ಲಿ ಸರ್ಕಾರ ರಾಗ ಮತ್ತೆ ಅವಧಿ ನಿಗದಿ ಮಾಡಿದ ಮೇಲೆ ಈ ಸಾಲಿಗೆ ಚರ್ಚೆಯೇ ಇಲ್ಲ), ಸ್ವಾಗತ ನೃತ್ಯ ಐದೂವರೆ, ಎಲ್‌ಕೆಜಿ ಐದು, ಯುಕೆಜಿ ಐದು. ಒಟ್ಟು ಇಪ್ಪತ್ತು, ಐದು ನಿಮಿಷ ಖಾಲಿ. ಚಿಕ್ಕ ಮಕ್ಕಳಿಗೆ ಇಷ್ಟು ಜಾಸ್ತಿ ಬಿಡೋದು ಯಾಕಂದ್ರೆ ಸ್ಟೇಜಿಗೆ ಬಂದ ಮೇಲೆ ಒಂದು ಮಗು ಅಮ್ಮನನ್ನ ನೋಡಿ ನಿಂತುಬಿಡ್ತದೆ, ಅದು ಆಗಿಯೇ ಆಗ್ತದೆ. ಡಿಸೆಂಬರಲ್ಲಿ ನಮ್ಮಲ್ಲಿ ಆರು ಗಂಟೆ ಕಳೆದ ಮೇಲೆಯೇ ಸೂರ್ಯ ಮುಳುಗೋದು, ಹಾಗಾಗಿ ಬಯಲಲ್ಲಿ 5:30ಕ್ಕೆ ಲೈಟ್ ಹಾಕಿದ್ರೂ ಕಾಣುದಿಲ್ಲ, ಲೈಟ್ ಬೇಕಾದ ಡ್ಯಾನ್ಸ್ ಯಾವುದೂ ಈ ಭಾಗದಲ್ಲಿ ಬೇಡ.

5:55ರಿಂದ 6:30 ಸಭಾ ಕಾರ್ಯಕ್ರಮ. ದೀಪ ಬೆಳಗಿಸೋದು ಮೂರು, ಸ್ವಾಗತ ಮೂರು, ವರದಿ ಐದು, ಮುಖ್ಯ ಅತಿಥಿ ಎಂಟು, ಅಧ್ಯಕ್ಷರು ನಾಲ್ಕು, ಬಹುಮಾನ ಆರು, ಧನ್ಯವಾದ ಎರಡು, ಒಟ್ಟು 31. ಬಯಲಲ್ಲಿ ಗಾಳಿ ಇದ್ರೆ ದೀಪಕ್ಕೇ ಮೂರು ನಿಮಿಷ ಸಾಕಾಗುದಿಲ್ಲ, ಬತ್ತಿಗೆ ಮೊದಲೇ ಎಣ್ಣೆ ನೆನೆಸಿ ತುದಿಗೆ ಕರ್ಪೂರ ಇಡಿ. ಇಲ್ಲಿ ಸಮಯ ನುಂಗೋದು ಭಾಷಣ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಬಹುಮಾನವೂ ಕಮ್ಮಿ ಇಲ್ಲ. ಒಬ್ಬೊಬ್ಬರ ಹೆಸರು ಕರೆದು, ಹತ್ತಿಸಿ, ಫೋಟೋ ತೆಗೆದು ಇಳಿಸಿದ್ರೆ ಒಬ್ಬರಿಗೆ ಇಪ್ಪತ್ತು ಸೆಕೆಂಡ್, 36 ಮಕ್ಕಳಿಗೆ ಹನ್ನೆರಡು ನಿಮಿಷ. ಆರಾರು ಮಕ್ಕಳನ್ನ ಸಾಲಲ್ಲಿ ನಿಲ್ಲಿಸಿ ಹೆಸರು ಓದ್ತಾ ಕೊಟ್ಟು ಒಂದೇ ಗ್ರೂಪ್ ಫೋಟೋ ತೆಗೆದ್ರೆ ಒಂದು ಸಾಲಿಗೆ ಒಂದು ನಿಮಿಷ, ಅದೇ 36 ಮಕ್ಕಳಿಗೆ ಆರೇ ನಿಮಿಷ, ಮುಂದಿನ ಆರು ಜನ ಮೆಟ್ಟಿಲಲ್ಲೇ ರೆಡಿ ಇರ್ಬೇಕು ಅಷ್ಟೇ. ಅತಿಥಿಗಳಿಗೆ ಎಂಟು ನಿಮಿಷ ಅಂತ ಹೇಳೋದು ಸ್ಟೇಜಲ್ಲಿ ಚೀಟಿ ಕೊಟ್ಟು ಅಲ್ಲ, ಕರೀಲಿಕ್ಕೆ ಹೋದ ದಿನವೇ, ಸರ್ ನಿಮ್ಮ ಮಾತು ಆದ ಕೂಡಲೇ ಮಕ್ಕಳು ವೇಷ ಹಾಕಿ ಕಾಯ್ತಿರ್ತಾರೆ ಅಂತ.

6:30ರಿಂದ 7:05 ಐದು ಡ್ಯಾನ್ಸು, ಐದೂವರೆಯ ಲೆಕ್ಕದಲ್ಲಿ ಇಪ್ಪತ್ತೇಳೂವರೆ, ಜೊತೆಗೆ ಪರದೆ ಮುಂದೆ ನಾಲ್ಕು ನಿಮಿಷದ ಒಂದು ಸಮೂಹಗಾನ. ಈ ಹಾಡು ಎಲ್ಲಿ ಬೇಕಾದ್ರೂ ಇಡ್ಲಿಕ್ಕೆ ಆಗುದಿಲ್ಲ, ಭಾಗದ ಕೊನೆಗೇ ಬೇಕು, ಯಾಕಂದ್ರೆ ಅದು ನಡೀವಾಗಲೇ ಪರದೆ ಹಿಂದೆ ಹಿಮ್ಮೇಳದವರಿಗೆ ಜಾಗ ಮಾಡಿ ಭಾಗವತರಿಗೆ, ಚೆಂಡೆಗೆ, ಮದ್ದಳೆಗೆ ಮೈಕ್ ಇಡ್ಬೇಕು. ಕಿರೀಟ ಕಟ್ಟುವ ಮಾತು ಹೋಗೋದು ಮೂರನೇ ಡ್ಯಾನ್ಸ್ ಶುರುವಾದಾಗ, ಅಂದ್ರೆ ರಂಗಕ್ಕೆ ಬರ್ಲಿಕ್ಕೆ ಇಪ್ಪತ್ತು ನಿಮಿಷಕ್ಕೂ ಸ್ವಲ್ಪ ಮೊದಲು. ಗಂಟೆ ನೋಡಿ ಅಲ್ಲ, ಡ್ಯಾನ್ಸ್ ನೋಡಿ, ಹಾಗಾಗಿ ನಾವು ಲೇಟ್ ಇದ್ರೆ ಕಿರೀಟವೂ ಲೇಟಾಗಿಯೇ ಕಟ್ಟೋದು.

7:05ರಿಂದ 7:30 ಯಕ್ಷಗಾನ ಹದಿನೈದು, ಕೊನೇ ಗ್ರೂಪ್ ಡ್ಯಾನ್ಸ್ ಐದೂವರೆ, ಎಲ್ಲರೂ ಸ್ಟೇಜಿಗೆ ಬಂದು 52 ಸೆಕೆಂಡಿನ ರಾಷ್ಟ್ರಗೀತೆ. ಎರಡು ಮೂರು ನಿಮಿಷ ಉಳೀತದೆ.

ನಾಲ್ಕೂ ಭಾಗದ ಖಾಲಿ ಸಮಯ ಕೂಡಿಸಿದ್ರೆ ಹದಿನೈದು ನಿಮಿಷದ ಆಸುಪಾಸು. ಅದನ್ನ ಕೊನೆಗೆ ಒಟ್ಟಿಗೆ ಇಟ್ರೆ ಆಗುದಿಲ್ವಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದ್ರು. ಆಗುದಿಲ್ಲ, ಯಾಕಂದ್ರೆ ಆಗ ಸಭೆಯಲ್ಲಿ ಲೇಟ್ ಆದದ್ದನ್ನ ಡ್ಯಾನ್ಸ್ ಮಕ್ಕಳು ಹೊರ್ಬೇಕು, ಡ್ಯಾನ್ಸಿನದ್ದನ್ನ ಯಕ್ಷಗಾನದವರು ಹೊರ್ಬೇಕು. ಭಾಗ ಭಾಗಕ್ಕೆ ಇಟ್ರೆ ಅಲ್ಲಲ್ಲಿಯದ್ದು ಅಲ್ಲಲ್ಲೇ ತೀರ್ತದೆ.

ಖಾಲಿ ಸಮಯವೂ ಮುಗಿದ್ರೆ ಎಂತ ಕಡಿಮೆ ಮಾಡೋದು ಅಂತ ಮೊದಲೇ ಹೆಡ್ ಟೀಚರ್ ಹತ್ರ ಕೂತು ಬರೆದಿಡ್ಬೇಕು. ಮಕ್ಕಳ ಐಟಂ ಒಂದನ್ನೂ ತೆಗೀಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಕಾರ್ಕಳದಿಂದ ಅಜ್ಜಿ ಬಂದಿರೋದು ಆ ಒಂದು ಮಗುವನ್ನ ನೋಡ್ಲಿಕ್ಕೆ. ನಾವು ಬರೆದಿಟ್ಟದ್ದು ಮೂರು: ಕ್ಲಾಸ್ ಬಹುಮಾನಗಳು ಸೋಮವಾರದ ಅಸೆಂಬ್ಲಿಗೆ, ಸಮೂಹಗಾನದ ಒಂದು ಚರಣ ಕಡಿಮೆ (ಹಿಂದೆ ಮೈಕ್ ರೆಡಿ ಆಗಿದ್ರೆ ಮಾತ್ರ), ಕೊನೇ ಡ್ಯಾನ್ಸಿಗೆ ಮೂರು ನಿಮಿಷದ ಇನ್ನೊಂದು ಟ್ರ್ಯಾಕ್. ಆ ಚಿಕ್ಕ ಟ್ರ್ಯಾಕಿಗೂ ಮಕ್ಕಳು ಒಮ್ಮೆ ಪ್ರಾಕ್ಟೀಸ್ ಮಾಡಿರ್ಬೇಕು, ಇಲ್ಲದಿದ್ರೆ ನಡುವಲ್ಲಿ ಹಾಡು ನಿಂತ ಹಾಗೆ ಆಗ್ತದೆ.

ಶೀಟನ್ನ ಗೂಗಲ್ ಶೀಟಲ್ಲಿ ಮಾಡೋದಾದ್ರೆ A ಕಾಲಮಲ್ಲಿ ಶುರು, B ಅಲ್ಲಿ ಐಟಂ, C ಅಲ್ಲಿ ಹಾಡಿನ ಸೆಕೆಂಡ್, D ಅಲ್ಲಿ ಹತ್ತಿ ಇಳಿಯೋ ಸೆಕೆಂಡ್ ಬರೆದು, E ಕಾಲಮನ್ನ ಮುಗಿಯೋ ಟೈಮಿಗೆ ಇಟ್ಟು, A3ಗೂ E2ಗೂ ಇದನ್ನೇ ಹಾಕಿ ಕೆಳಗೆ ಎಳೀರಿ:

```
=A2+TIME(0,0,C2+D2)
```

ಗೂಟದ ಸಾಲುಗಳಲ್ಲಿ ಮಾತ್ರ A ಕಾಲಮಿನ ಫಾರ್ಮುಲಾ ತೆಗೆದು ಗಂಟೆಯನ್ನ ಕೈಯಲ್ಲೇ ಟೈಪ್ ಮಾಡಿ. ಆಗ ಯಾರಾದ್ರೂ ಹಿಂದಿನ ದಿನ ಇನ್ನೊಂದು ಡ್ಯಾನ್ಸ್ ಸೇರಿಸಿ ಅಂತ ಬಂದ್ರೆ, ಮೇಲಿನ ಸಾಲು ಮುಗಿಯೋ ಟೈಮು ಗೂಟವನ್ನ ದಾಟಿ ಹೋಗೋದು ಅವರ ಕಣ್ಣಿಗೇ ಕಾಣ್ತದೆ, ವಾದ ಮಾಡ್ಬೇಕಾಗಿಲ್ಲ.

ಗೂಟದ ಶೀಟಿಗೆ ಒಂದು ಬೆಲೆ ಉಂಟು, ಒಬ್ಬರು ಪೂರ್ತಿ ಎರಡು ಗಂಟೆ ಬೇರೆ ಯಾವ ಕೆಲಸವೂ ಇಲ್ಲದೆ ಸ್ಟೇಜ್ ಬದಿ ವಾಚ್ ಹಿಡ್ಕೊಂಡು ನಿಂತಿರ್ಬೇಕು. ನಿರೂಪಣೆ ಮಾಡುವವರಿಂದ ಇದು ಸಾಧ್ಯವೇ ಇಲ್ಲ. ನಾಲ್ಕೈದು ಜನ ಟೀಚರ್ಸ್ ಇರೋ ಚಿಕ್ಕ ಶಾಲೆಯಲ್ಲಿ, ವೇಷಭೂಷಣದ ಐಟಂ ಇಲ್ಲದಿದ್ರೆ, ಐದೂವರೆ ನಿಮಿಷದ ಲೆಕ್ಕದಲ್ಲಿ ಬರೆದ ಗಡಿಯಾರದ ಶೀಟೇ ಸಾಕು. ಒಳಾಂಗಣದಲ್ಲಿ ಸಭೆಯೇ ಇಲ್ಲದ ಬರೀ ಡ್ಯಾನ್ಸ್ ಕಾರ್ಯಕ್ರಮ ಆದ್ರೆ ಕ್ಯೂ ಶೀಟ್ ಚೆಂದ. ಅತಿಥಿಗಳು, ಬಹುಮಾನ, ಯಕ್ಷಗಾನ ಅಥವಾ ಹುಲಿವೇಷ ಮೂರೂ ಒಂದೇ ಸಂಜೆ ಇದ್ರೆ ನಾನು ಗೂಟದ್ದನ್ನೇ ಹಾಕ್ತೇನೆ, ಮೈಕಿನವರಿಗೆ ಮಾತ್ರ ಅದರಿಂದ ಗಂಟೆಯ ಕಾಲಮ್ ತೆಗೆದು ದೊಡ್ಡ ಅಕ್ಷರದಲ್ಲಿ ಬೇರೆ ಪ್ರಿಂಟ್ ಕೊಡ್ತೇನೆ.